ಬನ್ನಿ ಎಂದರಷ್ಟೇ ಸಾಲದು: ವೀಸಾ ಪತ್ರಕ್ಕೆ ಮುಂಚಿನ ಇಮೇಲ್

ಭಾರತದ ಕಾಫಿಗೆ ಇಟಲಿ ದೊಡ್ಡ ಗಿರಾಕಿ. ಚಿಕ್ಕಮಗಳೂರು, ಕೊಡಗು, ಹಾಸನದ ಬೀಜ ಹಡಗು ಹತ್ತಿ ಅಲ್ಲಿನ ರೋಸ್ಟರ್‌ಗಳನ್ನು ಸೇರುವುದು ಬಹಳ ವರ್ಷಗಳಿಂದ ನಡೆದು ಬಂದಿದೆ. ದೊಡ್ಡ ಮಾಲು ಕೊಳ್ಳುವವರಿಗೆ ಕೊರಿಯರ್‌ನಲ್ಲಿ ಬಂದ ಸ್ಯಾಂಪಲ್ ಅಷ್ಟೇ ನೋಡಿದರೆ ಸಮಾಧಾನವಾಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಒಮ್ಮೆ ತೋಟಕ್ಕೆ ಬಂದು, ಕಣದಲ್ಲಿ ಹರಡಿದ ಪಾರ್ಚ್‌ಮೆಂಟನ್ನು ಕೈಗೆತ್ತಿಕೊಂಡು ನೋಡಿ, ಕ್ಯೂರಿಂಗ್ ವರ್ಕ್ಸ್ ಸುತ್ತಿ, ಕಪ್ ಟೇಸ್ಟಿಂಗ್ ಮಾಡಿದ ಮೇಲೆ ದರದ ಮಾತಿಗೆ ಕೂರುತ್ತಾರೆ. "ಜನವರಿಯಲ್ಲಿ ಬರಬಹುದೇ?" ಎಂಬ ಮೇಲ್ ಬಂದರೆ ಇಲ್ಲಿನ ರಫ್ತುದಾರರ ಉತ್ತರ ತಕ್ಷಣ ಹೊರಡುತ್ತದೆ: ಖಂಡಿತ ಬನ್ನಿ, ವೀಸಾಕ್ಕೆ ಪತ್ರ ಕೊಡುತ್ತೇವೆ, ಖರ್ಚಿನ ಬಗ್ಗೆ ಯೋಚಿಸಬೇಡಿ.

ಅತಿಥಿಯನ್ನು ಕರೆಯುವ ಮಾತಾಗಿ ಇದು ಚೆನ್ನಾಗಿದೆ. ವೀಸಾ ಅಧಿಕಾರಿಯ ಮುಂದೆ ಮಾತ್ರ ಇದು ನಿಲ್ಲುವುದಿಲ್ಲ. ಯಾತಕ್ಕೆ ಬರುತ್ತಿದ್ದಾರೆ, ಯಾರ ದುಡ್ಡಿನಲ್ಲಿ ಬರುತ್ತಿದ್ದಾರೆ ಎಂಬ ಎರಡು ಪ್ರಶ್ನೆಗೆ ಆತಿಥೇಯರ ಪತ್ರ, ಅತಿಥಿಯ ಅರ್ಜಿ, ಅವರ ಕಂಪನಿಯ ಪತ್ರ ಮೂರೂ ಒಂದೇ ಉತ್ತರ ಹೇಳಬೇಕು. ಮೂರನ್ನೂ ಬರೆಯುವವರು ಬೇರೆ ಬೇರೆ ಊರಿನ, ಬೇರೆ ಬೇರೆ ಮೇಜಿನ ಜನ. ಅವರೆಲ್ಲ ಒಂದೇ ಮಾತು ಹೇಳುವಂತೆ ಮೊದಲೇ ಹೊಂದಿಸಿಡುವುದು ಪತ್ರಕ್ಕೆ ಮುಂಚೆ ಹೋಗುವ ಇಮೇಲ್‌ನ ಕೆಲಸ. ಪತ್ರದ ನಮೂನೆ ಎಲ್ಲರ ಹತ್ತಿರವೂ ಇರುತ್ತದೆ. ಈ ಮೇಲ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ, ಎಡವಟ್ಟು ಶುರುವಾಗುವುದೂ ಅಲ್ಲೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನಲ್ಲಿ ಆಫೀಸು, ಚಿಕ್ಕಮಗಳೂರಿನಲ್ಲಿ ತೋಟಗಳ ಜೊತೆ ಒಪ್ಪಂದ ಇರುವ ಒಂದು ಸಾಧಾರಣ ಗಾತ್ರದ ಕಾಫಿ ರಫ್ತು ಕಂಪನಿ. ಇಟಲಿಯ ಟ್ರಿಯೆಸ್ಟೆ ಬಂದರು ನಗರದ ಒಂದು ರೋಸ್ಟಿಂಗ್ ಕಂಪನಿಯ ಖರೀದಿ ವ್ಯವಸ್ಥಾಪಕರು 2027ರ ಜನವರಿ 17ರ ಭಾನುವಾರ ಬಂದು 23ರ ಶನಿವಾರ ಹೊರಡಬೇಕೆಂದಿದ್ದಾರೆ. ಎರಡು ದಿನ ಬೆಂಗಳೂರು, ಮೂರು ರಾತ್ರಿ ಚಿಕ್ಕಮಗಳೂರು, ಮತ್ತೆ ಒಂದು ರಾತ್ರಿ ಬೆಂಗಳೂರು. ಸಾಮಾನ್ಯವಾಗಿ ಇಂಥವರು ತೆಗೆದುಕೊಳ್ಳುವುದು ಇ-ಬಿಸಿನೆಸ್ ವೀಸಾ. ಅರ್ಜಿ ಆನ್‌ಲೈನ್‌ನಲ್ಲೇ, ರಾಯಭಾರ ಕಚೇರಿಗೆ ಅಲೆದಾಟವಿಲ್ಲ. ವೀಸಾದ ಅವಧಿ ಒಂದು ವರ್ಷ, ಆ ಅವಧಿಯಲ್ಲಿ ಹಲವು ಸಲ ಬಂದು ಹೋಗಬಹುದು. ಬೆಂಗಳೂರು, ಮಂಗಳೂರು ಎರಡೂ ವಿಮಾನ ನಿಲ್ದಾಣಗಳಲ್ಲಿ ಈ ವೀಸಾ ನಡೆಯುತ್ತದೆ.

ಅರ್ಜಿಯ ಪರದೆ ಏನೇನು ಕೇಳುತ್ತದೆ ಎಂಬುದನ್ನು ಆತಿಥೇಯರು ಒಮ್ಮೆ ತಾವೇ ನೋಡಿಕೊಳ್ಳುವುದು ಒಳ್ಳೆಯದು. ಭೇಟಿಯ ಉದ್ದೇಶವನ್ನು ಒಂದು ಪಟ್ಟಿಯಿಂದ ಆರಿಸಬೇಕು: ಮಾರಾಟ-ಖರೀದಿ-ವ್ಯಾಪಾರ, ತಾಂತ್ರಿಕ ಅಥವಾ ವ್ಯವಹಾರದ ಸಭೆ, ವಸ್ತುಪ್ರದರ್ಶನ, ಉದ್ಯಮ ಸ್ಥಾಪನೆ, ನೌಕರರ ನೇಮಕಾತಿ ಹೀಗೆ. ಅದರ ಕೆಳಗೆ ಅರ್ಜಿದಾರರ ಕಂಪನಿಯ ಹೆಸರು, ವಿಳಾಸ, ಫೋನ್, ವೆಬ್‌ಸೈಟ್. ಭಾರತದ ಕಂಪನಿಯದೂ ಅದೇ ವಿವರ. ಭೇಟಿ ಕೊಡುವ ಊರುಗಳು. ಭಾರತದಲ್ಲಿ ಪರಿಚಯಸ್ಥರೊಬ್ಬರ ಹೆಸರು, ವಿಳಾಸ, ಫೋನ್. ಇದರಲ್ಲಿ ಅರ್ಧಕ್ಕೆ ಅರ್ಧ ಅತಿಥಿಗೆ ಗೊತ್ತಿಲ್ಲದ ಸಂಗತಿ. ಆತಿಥೇಯರ ಮೇಲ್‌ನಲ್ಲಿ ಅವೆಲ್ಲ ಇಲ್ಲದಿದ್ದರೆ ಅತಿಥಿ ಗೂಗಲ್ ಮಾಡಿ ಸಿಕ್ಕ ಹಳೆಯ ವಿಳಾಸ ತುಂಬುತ್ತಾರೆ. ಪತ್ರದ ಲೆಟರ್‌ಹೆಡ್‌ನಲ್ಲಿ ಹೊಸ ವಿಳಾಸ ಇರುತ್ತದೆ. ಎರಡೂ ಒಂದೇ ಕಂಪನಿಯದು ಎಂದು ಅಧಿಕಾರಿಗೆ ಹೇಗೆ ತಿಳಿಯಬೇಕು?

ಮೇಲ್ ಹೋಗುವುದು ಇಂಗ್ಲಿಷಿನಲ್ಲೇ. ಅದರಲ್ಲಿ ಇರಬೇಕಾದ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಮಾನ್ಯರೇ, 2027ರ ಜನವರಿ 17ರಿಂದ 23ರವರೆಗಿನ ನಿಮ್ಮ ಭೇಟಿಗೆ ನಮ್ಮ ಕಂಪನಿ ಆತಿಥೇಯ ಸಂಸ್ಥೆಯಾಗಿರುತ್ತದೆ. ಬಿಸಿನೆಸ್ ವೀಸಾ ಅರ್ಜಿಯ ಜೊತೆ ಲಗತ್ತಿಸಲು ನಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡುತ್ತೇವೆ.

ಪತ್ರದಲ್ಲಿ ಭೇಟಿಯ ಉದ್ದೇಶವನ್ನು ಹೀಗೆ ಬರೆಯಬೇಕೆಂದಿದ್ದೇವೆ: 2026-27ರ ಹಂಗಾಮಿನ ಅರೇಬಿಕಾ ಮತ್ತು ರೊಬಸ್ಟಾ ಮಾಲಿನ ಗುಣಮಟ್ಟ ಪರಿಶೀಲನೆ, ಚಿಕ್ಕಮಗಳೂರಿನ ಎರಡು ತೋಟ ಮತ್ತು ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಭೇಟಿ, ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಖರೀದಿ ಒಪ್ಪಂದದ ಮಾತುಕತೆ. ಇದರಲ್ಲಿ ಬಿಟ್ಟುಹೋಗಿದ್ದು ಅಥವಾ ಸರಿಯಿಲ್ಲದ್ದು ಇದ್ದರೆ ತಿಳಿಸಿ.

ಖರ್ಚಿನ ಬಗ್ಗೆ: ಅಂತರರಾಷ್ಟ್ರೀಯ ವಿಮಾನ ಟಿಕೆಟ್, ವೀಸಾ ಶುಲ್ಕ, ಪ್ರಯಾಣ ವಿಮೆ, ಬೆಂಗಳೂರಿನ ಮೂರು ರಾತ್ರಿಯ ಹೋಟೆಲ್ ನಿಮ್ಮ ಕಂಪನಿಯದು. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಬರುವ ಕಾರು, ಅಲ್ಲಿನ ಮೂರು ರಾತ್ರಿಯ ವಸತಿ ಮತ್ತು ಊಟ ನಮ್ಮದು. ವೈದ್ಯಕೀಯ ಖರ್ಚು ಬಂದರೆ ಅದು ನಿಮ್ಮ ವಿಮೆಯ ವ್ಯಾಪ್ತಿಗೆ ಸೇರುತ್ತದೆ. ಈ ಭೇಟಿಗಾಗಿ ನಮ್ಮ ಕಂಪನಿ ನಿಮಗೆ ಸಂಬಳವನ್ನಾಗಲಿ ಶುಲ್ಕವನ್ನಾಗಲಿ ಕೊಡುವುದಿಲ್ಲ. ಇದು ನಿಮ್ಮ ಕಂಪನಿಗೆ ಒಪ್ಪಿಗೆಯೇ ಎಂದು ಉತ್ತರದಲ್ಲಿ ಖಚಿತಪಡಿಸಿ.

ಪತ್ರ ತಯಾರಿಸಲು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ನಿಮ್ಮ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ, ಅದರ ಅವಧಿ ಮುಗಿಯುವ ದಿನ, ನಿಮ್ಮ ಹುದ್ದೆ ಮತ್ತು ಕಂಪನಿಯ ನೋಂದಾಯಿತ ವಿಳಾಸ ಬೇಕು. ನವೆಂಬರ್ 20ರೊಳಗೆ ಕಳಿಸಿದರೆ ಐದು ಕೆಲಸದ ದಿನದಲ್ಲಿ ಪತ್ರ ಕೊಡುತ್ತೇವೆ. ವೀಸಾ ಕೊಡುವ ತೀರ್ಮಾನ ಭಾರತ ಸರ್ಕಾರದ್ದು. ಪತ್ರದಿಂದ ವೀಸಾ ಖಾತ್ರಿಯಾಗುವುದಿಲ್ಲ. ಆದ್ದರಿಂದ ವೀಸಾ ಕೈಗೆ ಬರುವವರೆಗೆ ದುಡ್ಡು ವಾಪಸ್ ಬಾರದಂಥ ಟಿಕೆಟ್ ಕೊಳ್ಳಬೇಡಿ."

ಕೆಳಗೆ ಸಹಿ ಹಾಕುವವರ ಹೆಸರು, ಹುದ್ದೆ, ಮೊಬೈಲ್ ಸಂಖ್ಯೆ, ಕಚೇರಿಯ ವಿಳಾಸ, ವೆಬ್‌ಸೈಟ್. ಅಷ್ಟೇ. ಓದಲು ಎರಡು ನಿಮಿಷ ಹಿಡಿಯುವ ಮೇಲ್ ಇದು. ಅದರ ಒಂದೊಂದು ವಾಕ್ಯದ ಹಿಂದೆಯೂ ಒಂದು ಕಾರಣ ಇದೆ.

ಉದ್ದೇಶದ ವಾಕ್ಯದಿಂದಲೇ ಶುರು ಮಾಡಬಹುದು. ನಮ್ಮ ಕಂಪನಿಗಳ ಬಹುಪಾಲು ಪತ್ರಗಳಲ್ಲಿ "ವ್ಯಾವಹಾರಿಕ ಸಂಬಂಧವನ್ನು ಬಲಪಡಿಸುವ ಸಲುವಾಗಿ" ಎಂಬ ಸಾಲು ಕಾಣುತ್ತದೆ. ಅದನ್ನು ಓದಿದ ಅಧಿಕಾರಿಗೆ ಬರುವವರು ಏನು ಮಾಡುತ್ತಾರೆ ಎಂಬುದು ತಿಳಿಯುವುದೇ ಇಲ್ಲ. ಯಾವ ಮಾಲು, ಯಾವ ಊರು, ಯಾರ ಜೊತೆ ಮಾತು, ಎಷ್ಟು ದಿನ ಎಂದು ಬರೆದಾಗ ಮಾತ್ರ ಅದು ಉದ್ದೇಶ ಅನ್ನಿಸಿಕೊಳ್ಳುತ್ತದೆ. ಮೇಲಿನ ಮೇಲ್‌ನಲ್ಲಿ ಹಂಗಾಮು ಇದೆ, ಮಾಲಿನ ಹೆಸರಿದೆ, ಎರಡು ತೋಟ ಒಂದು ಕ್ಯೂರಿಂಗ್ ವರ್ಕ್ಸ್ ಎಂಬ ಲೆಕ್ಕವಿದೆ. ಆರು ರಾತ್ರಿ ಯಾಕೆ ಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಇದೇ ವಿವರವನ್ನು ನೋಡಿ ಅತಿಥಿ ಅರ್ಜಿಯ ಪಟ್ಟಿಯಲ್ಲಿ "ಮಾರಾಟ-ಖರೀದಿ-ವ್ಯಾಪಾರ" ಎಂಬುದನ್ನು ಅನುಮಾನವಿಲ್ಲದೆ ಆರಿಸುತ್ತಾರೆ.

ಸೂಕ್ಷ್ಮವಾದ ಸಂಗತಿ ಬೇರೆ ಇದೆ. ಬಿಸಿನೆಸ್ ವೀಸಾದಲ್ಲಿ ಬಂದವರು ವ್ಯವಹಾರದ ಮಾತಾಡಬಹುದು, ನೋಡಬಹುದು, ಕೊಳ್ಳಬಹುದು, ಮಾರಬಹುದು. ಮಾರಾಟಕ್ಕೆ ಮುಂಚಿನ ಮತ್ತು ನಂತರದ ಕೆಲಸಕ್ಕೂ ಅವಕಾಶವಿದೆ, ಆದರೆ ಅದು ಒಪ್ಪಂದದ ಕೆಲಸವನ್ನೇ ಮಾಡಿ ಮುಗಿಸುವ ಮಟ್ಟಕ್ಕೆ ಹೋಗಬಾರದು. ನಮ್ಮ ಇಟಲಿಯ ಖರೀದಿದಾರರು ನಡುವೆ ಒಂದು ಮೇಲ್‌ನಲ್ಲಿ, "ಹೇಗೂ ಬರುತ್ತಿದ್ದೇನೆ, ನಿಮ್ಮ ಹುಡುಗರಿಗೆ ಮೂರು ದಿನ ರೋಸ್ಟಿಂಗ್ ಹೇಳಿಕೊಡುತ್ತೇನೆ" ಎಂದರು ಅನ್ನಿ. ಆತಿಥೇಯರು ಖುಷಿಯಾಗಿ ಪತ್ರಕ್ಕೆ "ನಮ್ಮ ಸಿಬ್ಬಂದಿಗೆ ತರಬೇತಿ" ಎಂದು ಸೇರಿಸಿಬಿಡುತ್ತಾರೆ. ಅಲ್ಲಿಗೆ ಭೇಟಿಯ ಬಣ್ಣವೇ ಬದಲಾಯಿತು. ಭಾರತೀಯ ಕಂಪನಿಯ ನೌಕರರಿಗೆ ತರಬೇತಿ ಕೊಡುವುದು ಕೆಲಸ. ಅದು ಉದ್ಯೋಗ ವೀಸಾದ ಪ್ರಶ್ನೆಯನ್ನು ಎಬ್ಬಿಸುತ್ತದೆ. ಯಂತ್ರ ಕೂರಿಸಲು, ವಾರಂಟಿಯಲ್ಲಿ ರಿಪೇರಿ ಮಾಡಲು ಬರುವ ತಂತ್ರಜ್ಞರ ವಿಷಯದಲ್ಲೂ ಇದೇ ತೊಡಕು. ಬಣ್ಣದ ಮೇಲೆ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರ ತರಿಸಿದ ಕ್ಯೂರಿಂಗ್ ವರ್ಕ್ಸ್‌ನವರು ಅದನ್ನು ಜೋಡಿಸಲು ಬರುವ ಮನುಷ್ಯನಿಗೆ "ಸಭೆಗಾಗಿ" ಎಂದು ಪತ್ರ ಕೊಟ್ಟರೆ ಅದು ಸುಳ್ಳು ಪತ್ರ. ಅಂಥವರಿಗೆ ಯಾವ ವೀಸಾ ಎಂಬುದನ್ನು ಮೇಲ್ ಕಳಿಸುವ ಮುಂಚೆಯೇ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದ ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಈ ಹಂತದಲ್ಲಿ ಏಜೆಂಟರು ಕೊಡುವ ಸಲಹೆ ಒಂದೇ: ಪದ ಬದಲಿಸಿ. ತರಬೇತಿ ತೆಗೆದು "ತಾಂತ್ರಿಕ ಚರ್ಚೆ" ಎಂದು ಹಾಕಿ. ಇದನ್ನು ಕೇಳಬಾರದು. ಪದ ಬದಲಿಸಿದರೆ ಸಾಲದು, ಬಂದವರು ಮಾಡುವ ಕೆಲಸವೇ ಬದಲಾಗಬೇಕು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಸಹಜವಾಗಿ ಕೇಳುವ "ಇಲ್ಲಿ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ ಅತಿಥಿ ಮುಗ್ಧವಾಗಿ "ಹುಡುಗರಿಗೆ ಟ್ರೈನಿಂಗ್" ಎಂದರೆ ಸಿಕ್ಕಿಬೀಳುವವರು ಅವರೇ. ಇ-ವೀಸಾವನ್ನು ಇಲ್ಲಿಗೆ ಬಂದ ಮೇಲೆ ಬೇರೆ ವೀಸಾ ಆಗಿ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ಆದ್ದರಿಂದ ಉದಾಹರಣೆಯ ಕಂಪನಿ ಮಾಡಬೇಕಾದ್ದು ಇಷ್ಟು: ಈ ಸಲ ರೋಸ್ಟಿಂಗ್ ಪಾಠ ಬೇಡ, ಬೇಕೇ ಬೇಕಾದರೆ ಅದಕ್ಕೆ ಸರಿಯಾದ ವೀಸಾದಲ್ಲಿ ಇನ್ನೊಮ್ಮೆ ಬನ್ನಿ ಎಂದು ಮೇಲ್‌ನಲ್ಲೇ ತಿಳಿಸುವುದು.

ಇನ್ನು ಖರ್ಚು. ಹೆಚ್ಚಿನ ಜಗಳ, ಹೆಚ್ಚಿನ ಮುಜುಗರ ಇಲ್ಲೇ.

"ಎಲ್ಲ ಖರ್ಚೂ ನಮ್ಮದು" ಎಂದು ಹಳೆಯ ನಮೂನೆಯಲ್ಲಿರುವ ಸಾಲನ್ನು ಹಾಗೇ ಬಿಟ್ಟು ಮಾಲೀಕರು ಪತ್ರಕ್ಕೆ ಸಹಿ ಹಾಕುತ್ತಾರೆ. ಲೆಕ್ಕಪತ್ರ ನೋಡುವವರ ಕೈಗೆ ಕಾಪಿ ಹೋದಾಗ ಅವರು ಕನ್ನಡಕ ಏರಿಸಿ ಕೇಳುತ್ತಾರೆ, "ಸಾರ್, ವಿಮಾನದ ಟಿಕೆಟ್ಟೂ ನಮ್ಮದೇನಾ?" ಮಾಲೀಕರಿಗೆ ಅಂಥ ಇರಾದೆಯೇ ಇರಲಿಲ್ಲ. ಊಟ, ಕಾರು, ಎಸ್ಟೇಟ್‌ನಲ್ಲಿ ರೂಮು ಎಂದಷ್ಟೇ ಅವರ ತಲೆಯಲ್ಲಿ ಇದ್ದದ್ದು. ಅತ್ತ ಟ್ರಿಯೆಸ್ಟೆಯಲ್ಲಿ ಖರೀದಿ ವ್ಯವಸ್ಥಾಪಕರ ಕಂಪನಿ ತನ್ನ ವಾಡಿಕೆಯಂತೆ "ನಮ್ಮ ನೌಕರರ ಪ್ರಯಾಣದ ಎಲ್ಲ ಖರ್ಚನ್ನೂ ನಾವೇ ಭರಿಸುತ್ತೇವೆ" ಎಂದು ಇನ್ನೊಂದು ಪತ್ರ ಕೊಟ್ಟಿದೆ. ಒಂದೇ ಅರ್ಜಿಯಲ್ಲಿ ಎರಡು ಪತ್ರ, ಎರಡರಲ್ಲೂ ಎಲ್ಲ ಖರ್ಚು ನಮ್ಮದೇ! ಯಾರೂ ಸುಳ್ಳು ಹೇಳಿಲ್ಲ, ಆದರೂ ನೋಡುವವರಿಗೆ ಪತ್ರಗಳು ಯಾವುದೋ ನಮೂನೆಯಿಂದ ಎತ್ತಿ ಹಾಕಿದಂತೆ ಕಾಣುತ್ತವೆ, ಮತ್ತು ಆ ಗುಮಾನಿ ಅರ್ಜಿಯ ಉಳಿದ ಭಾಗಕ್ಕೂ ಹರಡುತ್ತದೆ.

ಅದಕ್ಕೇ ಖರ್ಚನ್ನು ಬಾಬತ್ತು ಬಾಬತ್ತಾಗಿ ಬಿಡಿಸಬೇಕು. ವಿಮಾನ ಟಿಕೆಟ್, ವೀಸಾ ಶುಲ್ಕ, ವಸತಿ, ಊಟ, ಒಳನಾಡಿನ ಓಡಾಟ, ವಿಮೆ. ಈ ಆರರ ಮುಂದೆ ಯಾರ ಹೆಸರು ಎಂಬುದು ಸ್ಪಷ್ಟವಾದರೆ ಸಾಕು. ವಸತಿಯಲ್ಲಂತೂ ಊರು ಮತ್ತು ರಾತ್ರಿಯ ಲೆಕ್ಕ ಕೊಡಬೇಕು. ನಮ್ಮ ಉದಾಹರಣೆಯಲ್ಲಿ 17, 18 ಮತ್ತು 22ರ ರಾತ್ರಿ ಬೆಂಗಳೂರು, ಅದು ಅತಿಥಿಯ ಕಂಪನಿಯದು. 19, 20, 21ರ ರಾತ್ರಿ ಚಿಕ್ಕಮಗಳೂರು, ಅದು ಆತಿಥೇಯರದು. ಒಟ್ಟು ಆರು ರಾತ್ರಿ, ಬಂದು ಹೋಗುವ ದಿನಾಂಕಕ್ಕೆ ಸರಿಯಾಗಿ ಹೊಂದುತ್ತದೆ. ಲೆಕ್ಕದಲ್ಲಿ ಒಂದು ರಾತ್ರಿ ಉಳಿದುಬಿಟ್ಟರೆ ಆ ರಾತ್ರಿ ಇವರು ಎಲ್ಲಿರುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಮೇಲ್ ಬರೆದವರು ಕ್ಯಾಲೆಂಡರ್ ಮುಂದಿಟ್ಟುಕೊಂಡು ಬೆರಳು ಮಡಚಿ ಎಣಿಸಿದರೂ ತಪ್ಪಿಲ್ಲ.

"ಸಂಬಳವನ್ನಾಗಲಿ ಶುಲ್ಕವನ್ನಾಗಲಿ ಕೊಡುವುದಿಲ್ಲ" ಎಂಬ ಮಾತು ಕೆಲವರಿಗೆ ಒರಟಾಗಿ ಕೇಳಿಸಬಹುದು. ಆದರೆ ಅದು ಬೇಕು. ಬಂದವರ ದುಡಿಮೆಗೆ ಇಲ್ಲಿನ ಕಂಪನಿ ದುಡ್ಡು ಕೊಡುತ್ತದೆ ಎಂದಾದರೆ ಅದು ಮತ್ತೆ ಉದ್ಯೋಗದ ಕಡೆಗೇ ವಾಲುತ್ತದೆ. ವಸತಿ-ಊಟ ಕೊಡುವುದು ಆತಿಥ್ಯ, ದಿನಗೂಲಿಯೋ ಗೌರವಧನವೋ ಕೊಡುವುದು ಸಂಭಾವನೆ. ಈ ಗೆರೆ ಬರಹದಲ್ಲಿ ಇರಲಿ.

ವೈದ್ಯಕೀಯ ಖರ್ಚಿನ ಸಾಲನ್ನೂ ಬಿಡುವಂತಿಲ್ಲ. ಮಲೆನಾಡಿನ ತಿರುವು ರಸ್ತೆ, ಹೊಸ ನೀರು, ಹೊಸ ಊಟ. ಅತಿಥಿ ಆಸ್ಪತ್ರೆ ಸೇರಿದರೆ "ಎಲ್ಲ ಖರ್ಚು ನಮ್ಮದು" ಎಂದು ಬರೆದುಕೊಟ್ಟ ಕಂಪನಿ ಬಿಲ್ ಬಂದಾಗ ಏನು ಹೇಳುತ್ತದೆ? ಭಾರತದ ಬಿಸಿನೆಸ್ ವೀಸಾ ನಿಯಮಾವಳಿಯೂ ಆತಿಥೇಯ ಸಂಸ್ಥೆಯ ಪತ್ರದಲ್ಲಿ ವ್ಯವಹಾರದ ಸ್ವರೂಪ, ವಾಸ್ತವ್ಯದ ಅವಧಿ, ಭೇಟಿ ಕೊಡುವ ಊರುಗಳ ಜೊತೆಗೆ ಇಲ್ಲಿನ ನಿರ್ವಹಣಾ ವೆಚ್ಚದ ಬಗ್ಗೆ ಭರವಸೆ ಇರಬೇಕೆಂದು ಹೇಳುತ್ತದೆ. ಅಂದರೆ ಖರ್ಚಿನ ಸಾಲನ್ನು ಸರ್ಕಾರ ಸೌಜನ್ಯದ ಮಾತೆಂದು ಓದುವುದಿಲ್ಲ, ಹೊಣೆಯೆಂದು ಓದುತ್ತದೆ.

ಈ ಹೊಣೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜರ್ಮನಿಯನ್ನು ನೋಡಬೇಕು. ಅಲ್ಲಿನ ಕಂಪನಿಯೊಂದು ಪೀಣ್ಯದ ಟೂಲ್ ರೂಮ್ ಮಾಲೀಕರನ್ನು ಕರೆಸಿಕೊಂಡು ಖರ್ಚು ತನ್ನದೆಂದು ಒಪ್ಪಿಕೊಳ್ಳುವಾಗ ಆ ದೇಶದ ವಾಸ ಕಾಯ್ದೆಯ 66ರಿಂದ 68ನೇ ಸೆಕ್ಷನ್‌ಗಳ ಮಾತು ಬರುತ್ತದೆ. ಆ ಸೆಕ್ಷನ್‌ಗಳಡಿ ಬರೆದುಕೊಟ್ಟವರು ಅತಿಥಿಯ ಊಟ-ವಸತಿಗಷ್ಟೇ ಅಲ್ಲ, ಕಾಯಿಲೆ ಬಿದ್ದರೆ ಸಾರ್ವಜನಿಕ ಹಣದಿಂದ ಆದ ಖರ್ಚಿಗೆ, ಕೊನೆಗೆ ಹೊರಗಟ್ಟುವ ಪ್ರಸಂಗ ಬಂದರೆ ಅದರ ಖರ್ಚಿಗೂ ಹೊಣೆ. ಈ ಹೊಣೆ 5 ವರ್ಷದವರೆಗೆ ಬೆನ್ನು ಹತ್ತಬಹುದು. ಅಲ್ಲಿನ ಕಂಪನಿಗಳು "ಖರ್ಚು ನಿಮ್ಮ ಸಂಸ್ಥೆಯೇ ನೋಡಿಕೊಳ್ಳಲಿ" ಎಂದು ಮೇಲ್‌ನಲ್ಲಿ ಬರೆದರೆ ಅದನ್ನು ಜಿಪುಣತನವೆಂದು ತಿಳಿಯಬೇಕಾಗಿಲ್ಲ.

ಜಪಾನಿನವರು ಇನ್ನೂ ಅಚ್ಚುಕಟ್ಟು. ಆಹ್ವಾನ ಪತ್ರ ಬೇರೆ, ಖಾತರಿ ಪತ್ರ ಬೇರೆ, ದಿನದಿನದ ಕಾರ್ಯಕ್ರಮ ಬೇರೆ. ಖಾತರಿ ಪತ್ರದಲ್ಲಿ ಮೂರು ಬಾಬತ್ತು: ಅಲ್ಲಿ ಉಳಿಯುವ ಖರ್ಚು, ವಾಪಸ್ ಹೋಗುವ ಖರ್ಚು, ಕಾನೂನು ಪಾಲನೆ. ಅಮೆರಿಕದ ರೀತಿ ಪೂರ್ತಿ ಉಲ್ಟಾ. ಅಲ್ಲಿನ ವಿದೇಶಾಂಗ ಇಲಾಖೆ ಭೇಟಿ ವೀಸಾಕ್ಕೆ ಆಹ್ವಾನ ಪತ್ರ ಅಗತ್ಯವಿಲ್ಲವೆಂದೇ ಹೇಳುತ್ತದೆ, ಅರ್ಜಿದಾರರ ಸ್ವಂತ ಸ್ಥಿತಿಗತಿಯ ಮೇಲೆ ತೀರ್ಮಾನ. ಯೂರೋಪಿನ ಷೆಂಗೆನ್ ಅರ್ಜಿಯಲ್ಲಂತೂ ಪ್ರಯಾಣ ಮತ್ತು ಜೀವನದ ಖರ್ಚು ಅರ್ಜಿದಾರರದೋ ಪ್ರಾಯೋಜಕರದೋ ಎಂದು ಗುರುತು ಹಾಕುವ ಜಾಗವೇ ಇದೆ. ಅರ್ಜಿ ತಿರಸ್ಕರಿಸುವಾಗ ಕೊಡುವ ಅಚ್ಚಾದ ನಮೂನೆಯಲ್ಲಿ ಉದ್ದೇಶ ಸಮರ್ಥನೀಯವಾಗಿಲ್ಲ, ಜೀವನ ನಿರ್ವಹಣೆಗೆ ಸಾಕಷ್ಟು ಹಣವಿರುವ ಪುರಾವೆ ಇಲ್ಲ ಎಂಬ ಕಾರಣಗಳೂ ಇವೆ. ಹೊರದೇಶದಿಂದ ಆಹ್ವಾನದ ಮೇಲ್ ಬಂದ ನಮ್ಮ ಉದ್ಯಮಿಗಳು ಅದನ್ನು ಓದಬೇಕಾದ್ದು ಈ ಎರಡು ಕಾರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮೇಲ್‌ನಲ್ಲಿ ಖರ್ಚಿನ ಮಾತೇ ಇಲ್ಲದಿದ್ದರೆ ಸಂಕೋಚಪಡದೆ ಕೇಳಿಬಿಡಬೇಕು.

ಮತ್ತೆ ನಮ್ಮ ಕಾಫಿ ಕಂಪನಿಗೆ ಬರೋಣ. ಟ್ರಿಯೆಸ್ಟೆಯಿಂದ ಉತ್ತರ ಬಂತು. ಖರ್ಚಿನ ಹಂಚಿಕೆಗೆ ಒಪ್ಪಿಗೆ, ಪಾಸ್‌ಪೋರ್ಟ್ ವಿವರ, ಜೊತೆಗೆ ಎರಡು ಹೊಸ ಬೇಡಿಕೆ. ಪತ್ನಿಯೂ ಬರುತ್ತಾರೆ, ಅವರ ಹೆಸರನ್ನೂ ಪತ್ರದಲ್ಲಿ ಸೇರಿಸಿ. ಕಂಪನಿಯ ಜಾಹೀರಾತಿಗೆ ತೋಟದಲ್ಲಿ ಒಂದು ವಿಡಿಯೊ ಮಾಡಬೇಕು, ಕ್ಯಾಮೆರಾದವರೊಬ್ಬರು ಜೊತೆಗಿರುತ್ತಾರೆ.

ಎರಡಕ್ಕೂ ಹೂಂ ಎಂದುಬಿಡುವುದು ನಮ್ಮ ಕಡೆಯ ಆತಿಥ್ಯದ ಗುಣ. ಆದರೆ ಪತ್ನಿ ಕಾಫಿ ಕೊಳ್ಳಲು ಬರುತ್ತಿಲ್ಲ. ಊರು ನೋಡಲು ಬರುವವರಿಗೆ ಪ್ರವಾಸಿ ವೀಸಾ ಇದೆ, ಅದಕ್ಕೆ ಕಂಪನಿಯ ಪತ್ರದ ಹಂಗಿಲ್ಲ. ಅವರನ್ನು "ನಿಯೋಗದ ಸದಸ್ಯೆ" ಎಂದು ವ್ಯವಹಾರದ ಪತ್ರಕ್ಕೆ ಸೇರಿಸಿದರೆ ಉದ್ದೇಶದ ಸಾಲೇ ಸುಳ್ಳಾಗುತ್ತದೆ. ಕ್ಯಾಮೆರಾದವರ ಕಥೆ ಇನ್ನೂ ಬೇರೆ. ವೃತ್ತಿಪರ ಚಿತ್ರೀಕರಣವನ್ನು ಖರೀದಿಯ ಸಭೆಯೊಳಗೆ ತುರುಕಲು ಬರುವುದಿಲ್ಲ. ಅದಕ್ಕೆ ಯಾವ ವೀಸಾ, ಯಾವ ಅನುಮತಿ ಎಂಬುದನ್ನು ಅವರೇ ರಾಯಭಾರ ಕಚೇರಿಯಲ್ಲಿ ಪ್ರತ್ಯೇಕವಾಗಿ ವಿಚಾರಿಸಬೇಕು. ಆತಿಥೇಯರ ಎರಡನೇ ಮೇಲ್ ಇದನ್ನು ವಿನಯದಿಂದ, ಮುಚ್ಚುಮರೆಯಿಲ್ಲದೆ ಹೇಳಬೇಕು. ಒಳ್ಳೆಯ ಗಿರಾಕಿ ಇದರಿಂದ ಬೇಸರಪಟ್ಟುಕೊಳ್ಳುವುದಿಲ್ಲ.

ಪತ್ರ ತಯಾರಿಸುವಾಗ ಹೆಸರಿನ ಮೇಲೆ ಕಣ್ಣಿಡಬೇಕು. ಮೇಲ್‌ನ ಕೆಳಗೆ ಹಾಕುವ ಚಿಕ್ಕ ಹೆಸರು ಒಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಮೂರು ಪದದ ಹೆಸರಿರುತ್ತದೆ. ಪತ್ರಕ್ಕೆ ಹೋಗಬೇಕಾದ್ದು ಪಾಸ್‌ಪೋರ್ಟ್‌ನದು, ಅಕ್ಷರ ಅಕ್ಷರವೂ ಅದೇ. ಪಾಸ್‌ಪೋರ್ಟ್‌ನ ಅವಧಿ ಕೇಳುವುದಕ್ಕೂ ಕಾರಣ ಇದೆ: ಅದು ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟವೂ ಇರಬೇಕು. ಏಪ್ರಿಲ್‌ನಲ್ಲಿ ಮುಗಿಯುವ ಪಾಸ್‌ಪೋರ್ಟ್‌ಗೆ ಪತ್ರ ಬರೆದರೆ ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ಸಂಖ್ಯೆ ಬದಲಾಗಿ ಎಲ್ಲ ಮತ್ತೆ ಬರೆಯಬೇಕಾಗುತ್ತದೆ. ಬೇಡದ ದಾಖಲೆ ಕೇಳಲೂಬಾರದು. ಅತಿಥಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಆತಿಥೇಯರಿಗೆ ಯಾಕೆ?

ಪತ್ರದ ಫೈಲ್‌ನ ಗಾತ್ರದಲ್ಲೂ ಒಂದು ಕಿರಿಕಿರಿ ಇದೆ. ಇ-ವೀಸಾ ಅರ್ಜಿಗೆ ದಾಖಲೆಗಳನ್ನು ಪಿಡಿಎಫ್ ರೂಪದಲ್ಲಿ ಏರಿಸಬೇಕು, ಗಾತ್ರ 10 ಕೆಬಿಗಿಂತ ಕಡಿಮೆ ಇರಬಾರದು, 300 ಕೆಬಿ ಮೀರಬಾರದು. ನಮ್ಮ ಆಫೀಸುಗಳಲ್ಲಿ ಬಣ್ಣದ ಲೋಗೊ ಇರುವ ಲೆಟರ್‌ಹೆಡ್‌ಗೆ ಸೀಲು ಒತ್ತಿ, ಸಹಿ ಹಾಕಿ, ಮೊಬೈಲ್‌ನಲ್ಲಿ ಫೋಟೊ ಹೊಡೆದು ಕಳಿಸಿಬಿಡುತ್ತಾರೆ. ಅದು ಎರಡು ಮೂರು ಎಂಬಿ ಆಗಿರುತ್ತದೆ. ಅತ್ತ ಅತಿಥಿ ಅದನ್ನು ಕುಗ್ಗಿಸಲು ಹೋಗಿ ಸೀಲಿನ ಅಕ್ಷರವೇ ಓದಲಾಗದಂತೆ ಆಗುತ್ತದೆ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ, ಒಂದೇ ಪುಟದಲ್ಲಿ ಮುಗಿಸಿ, 300 ಕೆಬಿಯೊಳಗೆ ಇರುವುದನ್ನು ನೋಡಿಕೊಂಡು ಇಲ್ಲಿಂದಲೇ ಕಳಿಸುವುದು ಉಪಕಾರ. ಪತ್ರ ಕಳಿಸುವ ಮೇಲ್‌ನಲ್ಲಿ ಸರ್ಕಾರದ ನಿಜವಾದ ವಿಳಾಸವನ್ನೂ ಕೊಡಬೇಕು: indianvisaonline.gov.in/evisa. ಹುಡುಕಿದರೆ ಮೊದಲು ಕಣ್ಣಿಗೆ ಬೀಳುವ ಎಷ್ಟೋ ತಾಣಗಳು ಸರ್ಕಾರದವಲ್ಲ, ಅವು ಹೆಚ್ಚು ದುಡ್ಡು ಕಿತ್ತುಕೊಳ್ಳುತ್ತವೆ. ಅರ್ಜಿ ತಿರಸ್ಕೃತವಾದರೂ ಶುಲ್ಕ ವಾಪಸ್ ಇಲ್ಲ ಎಂಬುದು ನಿಜವಾದ ತಾಣಕ್ಕೂ ಅನ್ವಯಿಸುತ್ತದೆ. ಬರುವ ದಿನಕ್ಕೆ 120 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 4 ದಿನ ಮುಂಚೆಯಾದರೂ ಹಾಕಿರಬೇಕು. ಕೊನೆಯ ನಾಲ್ಕು ದಿನವನ್ನು ನಂಬಿ ಕೂರುವುದು ಬೇಡ. ನವೆಂಬರ್‌ನಲ್ಲಿ ಮೇಲ್, ಡಿಸೆಂಬರ್ ಮೊದಲ ವಾರದಲ್ಲಿ ಅರ್ಜಿ ಎಂದರೆ ಪ್ರಶ್ನೆ ಬಂದರೂ ಉತ್ತರಿಸಲು ಪುರುಸೊತ್ತು ಸಿಗುತ್ತದೆ.

ಪತ್ರ ಕೊಡುತ್ತೇವೆ ಎನ್ನುವ ಮುಂಚೆ ಯಾರಿಗೆ ಎಂಬುದನ್ನೂ ಯೋಚಿಸಬೇಕು. ಕಾಫಿ, ಗ್ರಾನೈಟ್, ಸಾಂಬಾರ ಪದಾರ್ಥದ ರಫ್ತುದಾರರಿಗೆ ಪರಿಚಯವೇ ಇಲ್ಲದ "ಖರೀದಿದಾರ"ರಿಂದ ಮೇಲ್ ಬರುವುದುಂಟು. ದೊಡ್ಡ ಆರ್ಡರಿನ ಆಸೆ, ಮರುದಿನವೇ ನಾಲ್ಕೈದು ಪಾಸ್‌ಪೋರ್ಟ್‌ಗಳ ಪ್ರತಿ, ಕೂಡಲೇ ಆಹ್ವಾನ ಪತ್ರ ಬೇಕು ಎಂಬ ಅವಸರ. ಸ್ಯಾಂಪಲ್ ಕೇಳಿರುವುದಿಲ್ಲ, ದರ ಕೇಳಿರುವುದಿಲ್ಲ, ಯಾವ ಗ್ರೇಡ್ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಮೇಲ್ ವಿಳಾಸ ಕಂಪನಿಯದಲ್ಲ, ಯಾರು ಬೇಕಾದರೂ ಬಿಟ್ಟಿಯಾಗಿ ತೆರೆಯಬಹುದಾದದ್ದು. ನಿಜವಾದ ಕಾಫಿ ಕೊಳ್ಳುವವರು ಪ್ಲಾಂಟೇಷನ್ ಎ ಬೇಕೋ ಪೀಬೆರಿ ಬೇಕೋ ಎಂದು ಮೊದಲು ಮಾತಾಡುತ್ತಾರೆ, ವೀಸಾದ ಮಾತು ಆಮೇಲೆ. ಗುಮಾನಿ ಬಂದರೆ ಅವರ ಕಂಪನಿಯ ವೆಬ್‌ಸೈಟ್‌ನಲ್ಲಿರುವ ಫೋನಿಗೆ ಕರೆ ಮಾಡಿ ಈ ಹೆಸರಿನವರು ಇದ್ದಾರೆಯೇ ಎಂದು ಕೇಳಬೇಕು. ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ಮನುಷ್ಯ ಬಂದು ಕಾಣೆಯಾದರೆ ಪೊಲೀಸರು ಮೊದಲು ಫೋನ್ ಮಾಡುವುದು ಲೆಟರ್‌ಹೆಡ್‌ನಲ್ಲಿರುವ ನಂಬರಿಗೆ.

ಎಲ್ಲ ಸರಿಯಾಗಿ, ವೀಸಾ ಬಂದ ಮೇಲೆ ಕೂಡ ಮೇಲ್‌ನ ಕೆಲಸ ಮುಗಿಯುವುದಿಲ್ಲ. ಪ್ರಯಾಣದ ದಿನಾಂಕ ಒಂದು ವಾರ ಮುಂದೆ ಹೋದರೆ ಹೊಸ ದಿನಾಂಕದ ಪತ್ರ ಕಳಿಸಿ, ಹಳೆಯದು ರದ್ದು ಎಂದು ಬರೆಯಬೇಕು. ಹೊಸ ಲೆಕ್ಕದಲ್ಲಿ ಯಾವ ರಾತ್ರಿ ಯಾರ ಖರ್ಚು ಎಂಬುದನ್ನೂ ತಿದ್ದಬೇಕು. ಅತಿಥಿ ಇ-ವೀಸಾದ ಅನುಮತಿಯ ಜೊತೆ ಈ ಪತ್ರವನ್ನೂ ಪ್ರಿಂಟ್ ತೆಗೆದು ಕೈಚೀಲದಲ್ಲೇ ಇಟ್ಟುಕೊಂಡು ಬರಲಿ, ಲಗೇಜಿನಲ್ಲಿ ಅಲ್ಲ. ಪತ್ರದಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಭಾನುವಾರ ರಾತ್ರಿಯೂ ಎತ್ತುವಂಥವರದಾಗಿರಬೇಕು, ಏಕೆಂದರೆ ವಿಮಾನ ಇಳಿಯುವುದು ಆಫೀಸಿನ ವೇಳೆಯಲ್ಲಿ ಅಲ್ಲ.

ಚಿಕ್ಕಮಗಳೂರಿನ ವಸತಿ ಆತಿಥೇಯರದು ಎಂದಾಯಿತಲ್ಲ, ಅದು ಹೋಟೆಲ್ ಆಗಿದ್ದರೆ ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸುವ ಕೆಲಸ ಹೋಟೆಲಿನವರು ಮಾಡುತ್ತಾರೆ. ಜನ ಇದನ್ನು ಸಿ ಫಾರಂ ಎಂದೇ ಕರೆಯುತ್ತಾರೆ. ಹೋಂಸ್ಟೇಯಲ್ಲಿ ಅಥವಾ ತೋಟದ ಮನೆಯಲ್ಲೇ ಇಳಿಸಿಕೊಂಡರೆ ಈ ಕೆಲಸ ಆ ಮನೆಯವರದ್ದು. ಆದ್ದರಿಂದ ಜನವರಿ 19ರಂದು ಅತಿಥಿಯ ಕಾರು ಚಿಕ್ಕಮಗಳೂರಿನ ದಾರಿ ಹಿಡಿಯುವ ಹೊತ್ತಿಗೆ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ತೋಟದ ರೈಟರ್ ಕೈಯಲ್ಲಿ ಇರಬೇಕು. ಸಂಜೆ ನೆಟ್‌ವರ್ಕ್ ಸಿಗದ ಎಸ್ಟೇಟ್ ಆದರೆ ಪೇಟೆಗೆ ಹೋಗಿ ಫಾರಂ ಹಾಕಿ ಬರಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟಿರಬೇಕು.